ಏಳು ಪದರಗಳನ್ನು ಒಂದು ಪುಟಕ್ಕೆ ಇಳಿಸುವಾಗ

ಕಂಪ್ಯೂಟರ್ ನೆಟ್‌ವರ್ಕ್ಸ್ ಪಾಠ ಮಾಡುವ ಪ್ರತಿಯೊಬ್ಬರ ಬಳಿಯೂ ಒಂದು ಕೋಷ್ಟಕ ಇದ್ದೇ ಇರುತ್ತದೆ. ಎಡಗಡೆ ಪದರಗಳ ಹೆಸರು, ಪಕ್ಕದಲ್ಲಿ ಅವುಗಳ ಕೆಲಸ, ಅದರ ಪಕ್ಕ ಪ್ರೊಟೊಕಾಲ್‌ಗಳು, ಕೊನೆಯಲ್ಲಿ ಡೇಟಾ ಘಟಕ. ಅಧ್ಯಾಯ ನಲವತ್ತು ಪುಟ ಇದ್ದರೂ ಪರೀಕ್ಷೆಯ ಹಿಂದಿನ ದಿನ ಜೆರಾಕ್ಸ್ ಅಂಗಡಿಗೆ ಹೋಗುವುದು ಆ ಒಂದೇ ಪುಟ. ನಾನು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಈ ವಿಷಯ ಪಾಠ ಮಾಡುತ್ತಾ ಬಂದವಳು. ನನ್ನದೂ ಒಂದು ಕೋಷ್ಟಕ ಇತ್ತು, ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಅದನ್ನು ಓದಿ ಮಕ್ಕಳು ಅಂಕವನ್ನೂ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಲ್ಯಾಬಿನಲ್ಲಿ ನಿಜವಾದ ಒಂದು ಪ್ಯಾಕೆಟ್ ತೆರೆದು ಕೂತಾಗ ಕೋಷ್ಟಕ ಒಂದು ಹೇಳುತ್ತಿತ್ತು, ಪರದೆ ಇನ್ನೊಂದು ಹೇಳುತ್ತಿತ್ತು. ಮಕ್ಕಳು ಪರದೆಯನ್ನು ಅನುಮಾನಿಸಿದರು. ಅದು ನನ್ನ ಕೋಷ್ಟಕದ ಸಾಧನೆ!

ಆ ಪುಟವನ್ನು ವರ್ಷವರ್ಷವೂ ಹರಿದು ಹೊಸದಾಗಿ ಬರೆಯುತ್ತಾ ಕಲಿತದ್ದನ್ನು ಇಲ್ಲಿ ಇಟ್ಟಿದ್ದೇನೆ. ಕೊನೆಗೆ ಈಗಿನ ಕೋಷ್ಟಕವೂ ಇದೆ. ಅದರಲ್ಲೂ ತಪ್ಪು ಹುಡುಕಬಹುದು, ನನ್ನ ವಿದ್ಯಾರ್ಥಿಗಳು ಆಗಲೇ ಹುಡುಕಿದ್ದಾರೆ.

1. ಒಂದು ಕೋಷ್ಟಕಕ್ಕೆ ಒಂದೇ ಮಾದರಿ

ನನ್ನ ಮೊದಲ ಕೋಷ್ಟಕದಲ್ಲಿ ಎಡಕ್ಕೆ ಓಎಸ್‌ಐನ ಏಳು ಪದರ, ಬಲಕ್ಕೆ ಟಿಸಿಪಿ/ಐಪಿಯ ನಾಲ್ಕು ಪದರ, ನಡುವೆ ಪ್ರೊಟೊಕಾಲ್‌ಗಳು ಇದ್ದವು. ಜಾಗ ಉಳಿಸಿದೆನೆಂದು ಹೆಮ್ಮೆಪಟ್ಟುಕೊಂಡಿದ್ದೆ. ಆ ವರ್ಷದ ಉತ್ತರಪತ್ರಿಕೆಗಳಲ್ಲಿ "ಟಿಸಿಪಿಯು ಓಎಸ್‌ಐ ಮಾದರಿಯ ನಾಲ್ಕನೆಯ ಪದರದ ಪ್ರೊಟೊಕಾಲ್, ಇದನ್ನು ಐಎಸ್‌ಒ ರೂಪಿಸಿತು" ಎಂಬ ವಾಕ್ಯ ಸಾಲುಸಾಲಾಗಿ ಬಂತು. ಮಕ್ಕಳನ್ನು ಬೈಯುವಂತಿರಲಿಲ್ಲ. ಕೋಷ್ಟಕ ಹೇಳಿದ್ದು ಅದನ್ನೇ.

ನಡೆದದ್ದು ಬೇರೆ. ಟಿಸಿಪಿ ಮತ್ತು ಐಪಿಯ ವಿವರಣೆಗಳು ಆರ್‌ಎಫ್‌ಸಿ 793 ಮತ್ತು 791 ಆಗಿ 1981ರಲ್ಲೇ ಬಂದಿದ್ದವು. ಓಎಸ್‌ಐ ಮಾದರಿ ಐಎಸ್‌ಒ 7498 ಎಂಬ ಮಾನಕವಾಗಿ ಪ್ರಕಟವಾದದ್ದು 1984ರಲ್ಲಿ. ಆ ಮಾದರಿ ಪದರಗಳ ಕೆಲಸವನ್ನು ಹೇಳುತ್ತದೆಯೇ ಹೊರತು ಯಾವ ಪ್ರೊಟೊಕಾಲ್ ಬಳಸಬೇಕೆಂದು ಹೇಳುವುದಿಲ್ಲ. ಓಎಸ್‌ಐ ಬಳಗಕ್ಕೆ ಅದರದೇ ಪ್ರೊಟೊಕಾಲ್‌ಗಳು ಪ್ರತ್ಯೇಕವಾಗಿ ಇದ್ದವು, ಅವು ಹೆಚ್ಚು ಚಾಲ್ತಿಗೆ ಬರಲಿಲ್ಲ. ಹಾಗಾಗಿ ನಾವು ಓಎಸ್‌ಐನ ನಾಲ್ಕನೆಯ ಸಾಲಿನಲ್ಲಿ ಟಿಸಿಪಿ ಎಂದು ಬರೆದಾಗ ಹೇಳುತ್ತಿರುವುದು ಇಷ್ಟೇ: ಟಿಸಿಪಿ ಮಾಡುವ ಕೆಲಸ ಆ ಪದರಕ್ಕೆ ಹೇಳಿದ ಕೆಲಸವನ್ನು ಹೋಲುತ್ತದೆ. ಅದು ಹೋಲಿಕೆ, ಹುಟ್ಟಲ್ಲ.

ಇಂಟರ್‌ನೆಟ್‌ನ ಕಡೆಯವರು ತಮ್ಮ ಪದರಗಳನ್ನು 1989ರ ಆರ್‌ಎಫ್‌ಸಿ 1122ರಲ್ಲಿ ನಾಲ್ಕಾಗಿ ಹೇಳಿದ್ದಾರೆ: ಅಪ್ಲಿಕೇಶನ್, ಟ್ರಾನ್ಸ್‌ಪೋರ್ಟ್, ಇಂಟರ್‌ನೆಟ್, ಲಿಂಕ್. ಟ್ಯಾನೆನ್‌ಬಾಮ್, ಕುರೋಸ್ ಮತ್ತು ರಾಸ್ ಮುಂತಾದವರ ಪಠ್ಯಪುಸ್ತಕಗಳು ಕೆಳಗಿನ ಲಿಂಕನ್ನು ಡೇಟಾ ಲಿಂಕ್ ಮತ್ತು ಫಿಸಿಕಲ್ ಎಂದು ಒಡೆದು ಐದು ಮಾಡಿಕೊಳ್ಳುತ್ತವೆ. ಈಗ ನನ್ನ ಕೋಷ್ಟಕದಲ್ಲಿ ಇರುವುದು ಈ ಐದು ಸಾಲು. ಓಎಸ್‌ಐ ಅಂಕಿಗಳನ್ನು ಮಾತ್ರ ಬಿಟ್ಟಿಲ್ಲ, ಹೆಸರಿನ ಪಕ್ಕದಲ್ಲೇ ಇಟ್ಟಿದ್ದೇನೆ. ಏಕೆಂದರೆ ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ "ಲೇಯರ್ 2 ಸ್ವಿಚ್", "ಲೇಯರ್ 7 ಲೋಡ್ ಬ್ಯಾಲೆನ್ಸರ್" ಎಂದೇ ಮಾತಾಡುತ್ತಾರೆ. ಮಾದರಿ ಬಳಕೆಯಿಂದ ಹೋದರೂ ಅದರ ಎಣಿಕೆ ಉಳಿದುಕೊಂಡಿದೆ.

2. ಕೆಲಸದ ಖಾನೆಯಲ್ಲಿ "ಯಾರಿಂದ ಯಾರಿಗೆ" ಎಂದು ಬರೆಯಲೇಬೇಕು

ನಾನು ಹೆಚ್ಚು ಎಡವಿದ್ದು ಇಲ್ಲಿ. ಅಧ್ಯಾಯವನ್ನು ಸಂಕ್ಷೇಪಿಸುವುದೆಂದರೆ ದಪ್ಪ ಅಕ್ಷರದಲ್ಲಿರುವ ಪದಗಳನ್ನು ಹೆಕ್ಕಿ ಖಾನೆಗೆ ತುಂಬುವುದು ಎಂದುಕೊಂಡಿದ್ದೆ. ಡೇಟಾ ಲಿಂಕ್ ಸಾಲಿನಲ್ಲಿ ಫ್ರೇಮಿಂಗ್, ಎರರ್ ಕಂಟ್ರೋಲ್, ಫ್ಲೋ ಕಂಟ್ರೋಲ್ ಬಂತು. ಟ್ರಾನ್ಸ್‌ಪೋರ್ಟ್ ಸಾಲಿನಲ್ಲಿ ಸೆಗ್ಮೆಂಟೇಶನ್, ಎರರ್ ಕಂಟ್ರೋಲ್, ಫ್ಲೋ ಕಂಟ್ರೋಲ್ ಬಂತು. ಎರಡು ಸಾಲನ್ನೂ ಒಟ್ಟಿಗೆ ನೋಡಿದ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಕೆಳಗೆ ಒಂದು ಸಲ ತಪ್ಪು ಸರಿಮಾಡಿದ ಮೇಲೆ ಮೇಲೆ ಮತ್ತೆ ಯಾಕೆ?" "ಡಬಲ್ ಸೇಫ್ಟಿ ಕಣಮ್ಮ" ಎಂದುಬಿಟ್ಟೆ. ಅವಳು ಬರೆದುಕೊಂಡಳು. ಅವಳು ಬರೆದುಕೊಂಡದ್ದೇ ನನ್ನನ್ನು ಕಾಡಿತು.

ಸರಿಯಾದ ಉತ್ತರ ಹೀಗಿದೆ. ಎತರ್‌ನೆಟ್ ಫ್ರೇಮಿನ ಬಾಲದಲ್ಲಿ 4 ಬೈಟಿನ ಸಿಆರ್‌ಸಿ ಇರುತ್ತದೆ. ನಿಮ್ಮ ಕಂಪ್ಯೂಟರಿನಿಂದ ರೂಟರಿನವರೆಗಿನ ಒಂದೇ ಒಂದು ಕೊಂಡಿಯಲ್ಲಿ ಬಿಟ್‌ಗಳು ಕೆಟ್ಟವೇ ಎಂಬುದನ್ನು ಅದು ಹೇಳುತ್ತದೆ. ರೂಟರ್ ಫ್ರೇಮನ್ನು ಬಿಚ್ಚಿ, ಒಳಗಿನ ಐಪಿ ಪ್ಯಾಕೆಟನ್ನು ತೆಗೆದು, ಮುಂದಿನ ಕೊಂಡಿಗೆ ಹೊಸ ಫ್ರೇಮು ಕಟ್ಟಿ, ಹೊಸ ಸಿಆರ್‌ಸಿ ಲೆಕ್ಕ ಹಾಕುತ್ತದೆ. ಈಗ ರೂಟರಿನ ಮೆಮೊರಿಯಲ್ಲೇ ಒಂದು ಬಿಟ್ ತಿರುಗಿಬಿಟ್ಟಿತು ಎನ್ನಿ. ಹೊಸ ಸಿಆರ್‌ಸಿಯನ್ನು ಕೆಟ್ಟ ಡೇಟಾದ ಮೇಲೆಯೇ ಲೆಕ್ಕ ಹಾಕಲಾಗುತ್ತದೆ. ಮುಂದಿನ ಪ್ರತಿ ಕೊಂಡಿಯೂ "ಎಲ್ಲ ಸರಿ" ಎನ್ನುತ್ತದೆ. ಐಪಿವಿ4ರ ಚೆಕ್‌ಸಮ್ ತನ್ನ ಹೆಡರನ್ನು ಮಾತ್ರ ನೋಡುತ್ತದೆ, ಒಳಗಿನ ಡೇಟಾವನ್ನಲ್ಲ. ಕೆಟ್ಟದ್ದನ್ನು ಹಿಡಿಯುವ ಅವಕಾಶ ಇರುವುದು ಕೊನೆಯ ತುದಿಯಲ್ಲಿ, ಡೇಟಾವನ್ನೂ ಸೇರಿಸಿಕೊಂಡು ಲೆಕ್ಕ ಹಾಕುವ ಟಿಸಿಪಿ ಚೆಕ್‌ಸಮ್‌ಗೆ. ಅದೂ 16 ಬಿಟ್‌ನ ಸಾಧಾರಣ ಲೆಕ್ಕ, ಎಲ್ಲವನ್ನೂ ಹಿಡಿಯುತ್ತದೆಂದಲ್ಲ. ಸಾಲ್ಟ್‌ಜರ್, ರೀಡ್, ಕ್ಲಾರ್ಕ್ ಎಂಬ ಮೂವರು 1984ರ ಲೇಖನದಲ್ಲಿ ಮುಂದಿಟ್ಟ ತುದಿಯಿಂದ ತುದಿಗಿನ ವಾದದ ತಿರುಳು ಇದೇ: ನಡುವಿನ ಪರೀಕ್ಷೆಗಳು ಎಷ್ಟೇ ಇರಲಿ, ಕೊನೆಯ ತುದಿ ತಾನೇ ನೋಡದೆ ಖಚಿತವಿಲ್ಲ.

ಹಾಗಾದರೆ ಕೆಳಗಿನ ಪರೀಕ್ಷೆ ಏಕೆ? ಕೆಟ್ಟ ಡೇಟಾವನ್ನು ಹತ್ತು ರೂಟರ್ ದಾಟಿಸಿ ಕೊನೆಯಲ್ಲಿ ಎಸೆಯುವುದಕ್ಕಿಂತ ಇಲ್ಲೇ ಎಸೆಯುವುದು ಅಗ್ಗ, ಅಷ್ಟೆ. ಇನ್ನೊಂದು ವಿಷಯವನ್ನು "ಎರರ್ ಕಂಟ್ರೋಲ್" ಎಂಬ ಎರಡು ಪದ ಮುಚ್ಚಿಬಿಡುತ್ತದೆ. ತಪ್ಪನ್ನು ಹಿಡಿಯುವುದು ಬೇರೆ, ಎಸೆಯುವುದು ಬೇರೆ, ಮತ್ತೆ ಕಳಿಸುವುದು ಬೇರೆ. ಎತರ್‌ನೆಟ್ ಹಿಡಿದು ಸದ್ದಿಲ್ಲದೆ ಎಸೆಯುತ್ತದೆ, ಮತ್ತೆ ಕಳಿಸು ಎಂದು ಕೇಳುವುದಿಲ್ಲ. ವೈಫೈಯಲ್ಲಿ ಗಾಳಿಯ ಮೇಲಿನ ನಷ್ಟ ಹೆಚ್ಚಾದ್ದರಿಂದ ಅದೇ ಪದರದಲ್ಲಿ ಸ್ವೀಕೃತಿಯೂ ಇದೆ, ಮರುಕಳಿಸುವಿಕೆಯೂ ಇದೆ. ಯುಡಿಪಿ ಹಿಡಿದು ಎಸೆಯುತ್ತದೆ. ಟಿಸಿಪಿ ಸ್ವೀಕೃತಿ ಬಾರದ್ದನ್ನು ಮತ್ತೆ ಕಳಿಸುತ್ತದೆ.

ಅಂದಿನಿಂದ ಕೆಲಸದ ಖಾನೆಗೆ ಒಂದು ಕಟ್ಟುಪಾಡು ಹಾಕಿಕೊಂಡೆ. ಹೆಸರುಪದಗಳ ಪಟ್ಟಿ ಬೇಡ, ಒಂದು ಪೂರ್ಣ ವಾಕ್ಯ ಬೇಕು, ಅದರಲ್ಲಿ ಎರಡು ತುದಿಗಳು ಕಾಣಬೇಕು. ಡೇಟಾ ಲಿಂಕ್: ಒಂದೇ ಕೊಂಡಿಯಲ್ಲಿ, ಪಕ್ಕದ ಸಾಧನಕ್ಕೆ. ನೆಟ್‌ವರ್ಕ್: ಹಲವು ಕೊಂಡಿ ದಾಟಿ, ಯಂತ್ರದಿಂದ ಯಂತ್ರಕ್ಕೆ. ಟ್ರಾನ್ಸ್‌ಪೋರ್ಟ್: ಯಂತ್ರದೊಳಗೆ ಓಡುತ್ತಿರುವ ಒಂದು ಪ್ರೊಸೆಸ್‌ನಿಂದ ಇನ್ನೊಂದು ಯಂತ್ರದ ಪ್ರೊಸೆಸ್‌ಗೆ. ಹೀಗೆ ಬರೆದರೆ ವಿಳಾಸಗಳು ತಾವಾಗಿಯೇ ಬಂದು ಕೂರುತ್ತವೆ. ಪಕ್ಕದವನನ್ನು ಗುರುತಿಸಲು 48 ಬಿಟ್‌ನ ಮ್ಯಾಕ್, ದೂರದ ಯಂತ್ರಕ್ಕೆ 32 ಅಥವಾ 128 ಬಿಟ್‌ನ ಐಪಿ, ಪ್ರೊಸೆಸ್‌ಗೆ 16 ಬಿಟ್‌ನ ಪೋರ್ಟ್. "ಮ್ಯಾಕ್ ವಿಳಾಸ ಇರುವಾಗ ಐಪಿ ಯಾಕೆ ಬೇಕು" ಎಂಬ ಪ್ರಶ್ನೆಯನ್ನು ಈ ಕೋಷ್ಟಕ ಇಟ್ಟುಕೊಂಡವರು ನನ್ನ ಬಳಿ ಅಷ್ಟಾಗಿ ಕೇಳುವುದಿಲ್ಲ.

3. ಪ್ರೊಟೊಕಾಲ್ ಖಾನೆಯಲ್ಲಿ ಎರಡು ಪ್ರಶ್ನೆಗಳಿವೆ

ರೂಟಿಂಗ್ ನೆಟ್‌ವರ್ಕ್ ಪದರದ ಕೆಲಸ. ಹಾಗಾಗಿ ರಿಪ್, ಓಎಸ್‌ಪಿಎಫ್, ಬಿಜಿಪಿ ಮೂರನ್ನೂ ಆ ಸಾಲಿಗೆ ಹಾಕಿದ್ದೆ. ಓದು ಮುಗಿಸಿ ಇಂಟರ್‌ನೆಟ್ ಸೇವೆ ಕೊಡುವ ಕಡೆ ಕೆಲಸಕ್ಕೆ ಸೇರಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕಾಲೇಜಿಗೆ ಬಂದಾಗ ಗೋಡೆಯ ಮೇಲಿದ್ದ ಕೋಷ್ಟಕ ನೋಡಿ ಮೆಲ್ಲಗೆ ಹೇಳಿದ: "ಮೇಡಂ, ಬಿಜಿಪಿ ಟಿಸಿಪಿ ಪೋರ್ಟ್ 179ರ ಮೇಲೆ ಓಡುತ್ತೆ. ಅಂದ್ಮೇಲೆ ಅದು ಅಪ್ಲಿಕೇಶನ್ ಪದರದ್ದಲ್ವಾ?" ನಾನು ಪುಸ್ತಕ ತೋರಿಸಿದೆ. ಅವನು ರೂಟರಿನ ಕಾನ್ಫಿಗರೇಶನ್ ತೋರಿಸಿದ. ಇಬ್ಬರೂ ಸರಿಯಾಗಿಯೇ ಇದ್ದೆವು, ಮಾತಾಡುತ್ತಿದ್ದ ಪ್ರಶ್ನೆಗಳು ಬೇರೆಬೇರೆ.

ಒಂದು ಪ್ರೊಟೊಕಾಲ್ ಯಾವ ಕೆಲಸಕ್ಕೆ ನೆರವಾಗುತ್ತದೆ ಎಂಬುದು ಮೊದಲ ಪ್ರಶ್ನೆ. ಅದರ ಮಾತುಗಳನ್ನು ಯಾವುದು ಹೊತ್ತೊಯ್ಯುತ್ತದೆ ಎಂಬುದು ಎರಡನೆಯದು. ಈ ಮೂರು ರೂಟಿಂಗ್ ಪ್ರೊಟೊಕಾಲ್‌ಗಳು ಮೊದಲ ಪ್ರಶ್ನೆಗೆ ಒಂದೇ ಉತ್ತರ ಕೊಡುತ್ತವೆ, ಎರಡನೆಯದಕ್ಕೆ ಮೂರು ಉತ್ತರ. ರಿಪ್ ಯುಡಿಪಿ ಪೋರ್ಟ್ 520ರಲ್ಲಿ ಹೋಗುತ್ತದೆ. ಬಿಜಿಪಿ ಟಿಸಿಪಿ 179ರಲ್ಲಿ. ಓಎಸ್‌ಪಿಎಫ್‌ಗೆ ಟಿಸಿಪಿಯೂ ಇಲ್ಲ, ಯುಡಿಪಿಯೂ ಇಲ್ಲ. ಅದು ನೇರವಾಗಿ ಐಪಿಯ ಒಳಗೆ ಕೂರುತ್ತದೆ, ಐಪಿ ಹೆಡರಿನ ಪ್ರೊಟೊಕಾಲ್ ಸಂಖ್ಯೆ 89.

ಪಿಂಗ್‌ನ ವಿಷಯದಲ್ಲಿ ಇನ್ನೂ ಮುಜುಗರವಾಗಿದೆ. ಮೌಖಿಕ ಪರೀಕ್ಷೆಯೊಂದರಲ್ಲಿ "ಪಿಂಗ್ ಯಾವ ಪೋರ್ಟ್ ಬಳಸುತ್ತದೆ" ಎಂದು ನಾನೇ ಕೇಳಿ, "7" ಎಂದ ಹುಡುಗನಿಗೆ ಪೂರ್ತಿ ಅಂಕ ಕೊಟ್ಟಿದ್ದೆ. 7 ಎನ್ನುವುದು ಎಕೋ ಎಂಬ ಹಳೆಯ ಸೇವೆಯ ಪೋರ್ಟು. ಪಿಂಗ್ ಬಳಸುವುದು ಐಸಿಎಂಪಿಯನ್ನು, ಅದು ಐಪಿಯ ಒಳಗೆ ಪ್ರೊಟೊಕಾಲ್ ಸಂಖ್ಯೆ 1 ಆಗಿ ಹೋಗುತ್ತದೆ. ಅಲ್ಲಿ ಟ್ರಾನ್ಸ್‌ಪೋರ್ಟ್ ಹೆಡರೇ ಇಲ್ಲದ್ದರಿಂದ ಪೋರ್ಟ್ ಎಂಬುದೂ ಇಲ್ಲ. "ಪೋರ್ಟ್ ಇಲ್ಲ ಮೇಡಂ" ಎಂದಿದ್ದ ಇನ್ನೊಬ್ಬ ಹುಡುಗನಿಗೆ ಸೊನ್ನೆ ಹಾಕಿದ್ದೆ. ಅವನು ಈಗೆಲ್ಲಿದ್ದಾನೋ, ಕ್ಷಮೆ ಕೇಳಬೇಕು.

ಎಆರ್‌ಪಿಯದು ಹಳೆಯ ಜಗಳ. ಐಪಿ ವಿಳಾಸ ಕೊಟ್ಟರೆ ಮ್ಯಾಕ್ ವಿಳಾಸ ಹುಡುಕಿಕೊಡುವುದು ಅದರ ಕೆಲಸ. ಕೆಲವು ಪುಸ್ತಕಗಳು ಅದನ್ನು ನೆಟ್‌ವರ್ಕ್ ಪದರದಲ್ಲಿ ಇಡುತ್ತವೆ. ಆದರೆ ಅದು ಐಪಿಯ ಮೇಲೆ ಸವಾರಿ ಮಾಡುವುದಿಲ್ಲ. ಎತರ್‌ನೆಟ್ ಫ್ರೇಮಿನ ಒಳಗೆ 0x0806 ಎಂಬ ಗುರುತಿನೊಂದಿಗೆ ನೇರವಾಗಿ ಕೂರುತ್ತದೆ, ರೂಟರನ್ನು ದಾಟುವುದೇ ಇಲ್ಲ. ಎರಡನೆಯ ಪಾಠದ "ಯಾರಿಂದ ಯಾರಿಗೆ" ಅಳತೆಗೋಲನ್ನು ಹಿಡಿದರೆ ಅದರ ವ್ಯಾಪ್ತಿ ಒಂದೇ ಕೊಂಡಿ. ಆರ್‌ಎಫ್‌ಸಿ 1122 ಕೂಡ ಅದನ್ನು ಲಿಂಕ್ ಪದರದ ಅಧ್ಯಾಯದಲ್ಲೇ ಚರ್ಚಿಸುತ್ತದೆ. ನಾನೂ ಅಲ್ಲೇ ಇಟ್ಟಿದ್ದೇನೆ. ನಿಮ್ಮ ವಿಶ್ವವಿದ್ಯಾಲಯದ ಮೌಲ್ಯಮಾಪಕರು ಬೇರೆ ಹೇಳಿದರೆ ಪರೀಕ್ಷೆಯಲ್ಲಿ ಅವರ ಮಾತೇ ನಡೆಯಲಿ.

ಈಗ ಪ್ರತಿ ಪ್ರೊಟೊಕಾಲ್ ಹೆಸರಿನ ಪಕ್ಕದಲ್ಲಿ ಅದನ್ನು ಹೊರುವುದು ಯಾವುದು, ಯಾವ ಗುರುತಿನಿಂದ ಎಂದು ಚಿಕ್ಕದಾಗಿ ಬರೆಯುತ್ತೇನೆ. ಖಾನೆಯಲ್ಲಿ ಹೆಸರುಗಳು ಕಡಿಮೆಯಾದವು. ಮೊದಲು ಅಪ್ಲಿಕೇಶನ್ ಸಾಲಿನಲ್ಲೇ ಹದಿನಾಲ್ಕು ಪ್ರೊಟೊಕಾಲ್ ತುಂಬಿದ್ದೆ, ಈಗ ನಾಲ್ಕು ಸಾಕಾಗಿದೆ.

4. ಡೇಟಾ ಘಟಕದ ಹೆಸರನ್ನು ಕೂಡಿಕೆಯ ಲೆಕ್ಕವಾಗಿ ಬರೆಯಿರಿ

ಮೆಸೇಜ್, ಸೆಗ್ಮೆಂಟ್, ಪ್ಯಾಕೆಟ್, ಫ್ರೇಮ್, ಬಿಟ್. ಮೇಲಿನಿಂದ ಕೆಳಕ್ಕೆ ಮಗ್ಗಿಯಂತೆ ಹೇಳಿಸುತ್ತಿದ್ದೆ. ಹೇಳಲು ಬಂದರೂ ಅವುಗಳ ಸಂಬಂಧ ಯಾರಿಗೂ ತಿಳಿದಿರಲಿಲ್ಲ. ಪ್ಯಾಕೆಟ್ ಬಂದ ಮೇಲೆ ಸೆಗ್ಮೆಂಟ್ ಎಲ್ಲಿ ಹೋಯಿತು ಎಂದರೆ "ಕನ್ವರ್ಟ್ ಆಯ್ತು" ಎಂಬ ಉತ್ತರ. ಯಾವುದೂ ಯಾವುದಾಗಿಯೂ ಬದಲಾಗುವುದಿಲ್ಲ. ಸೆಗ್ಮೆಂಟ್ ಹಾಗೇ ಒಳಗೆ ಕೂತಿರುತ್ತದೆ, ಮುಂದೆ ಒಂದು ಐಪಿ ಹೆಡರ್ ಅಂಟಿಕೊಳ್ಳುತ್ತದೆ. ಹಾಗಾಗಿ ಖಾನೆಯಲ್ಲಿ ಹೀಗೆ ಬರೆಯತೊಡಗಿದೆ: ಸೆಗ್ಮೆಂಟ್ = ಟಿಸಿಪಿ ಹೆಡರ್ 20 ಬೈಟ್ + ಡೇಟಾ. ಪ್ಯಾಕೆಟ್ = ಐಪಿ ಹೆಡರ್ 20 ಬೈಟ್ + ಸೆಗ್ಮೆಂಟ್. ಫ್ರೇಮ್ = ಎತರ್‌ನೆಟ್ ಹೆಡರ್ 14 ಬೈಟ್ + ಪ್ಯಾಕೆಟ್ + ಬಾಲ 4 ಬೈಟ್. ಟಿಸಿಪಿ ಮತ್ತು ಐಪಿವಿ4 ಹೆಡರ್‌ಗಳ 20 ಕನಿಷ್ಠ ಅಳತೆ, ಆಯ್ಕೆಗಳು ಸೇರಿದರೆ ಬೆಳೆಯುತ್ತವೆ.

ಟ್ರಾನ್ಸ್‌ಪೋರ್ಟ್ ಸಾಲಿನಲ್ಲಿ ಬರೀ ಸೆಗ್ಮೆಂಟ್ ಎಂದು ಬರೆದದ್ದು ಇನ್ನೊಂದು ತಪ್ಪು. ಆ ಹೆಸರು ಟಿಸಿಪಿಯದು. ಯುಡಿಪಿಯ ಘಟಕ ಡೇಟಾಗ್ರಾಂ, ಅದರ ಹೆಡರ್ 8 ಬೈಟ್. ಐಪಿಯ ಘಟಕಕ್ಕೂ ಡೇಟಾಗ್ರಾಂ ಎಂಬ ಹೆಸರಿರುವುದು ಗೊಂದಲವನ್ನು ಹೆಚ್ಚಿಸುತ್ತದೆ. ಆರ್‌ಎಫ್‌ಸಿ 1122 ಇಲ್ಲಿ ನಾಜೂಕಾದ ಭೇದ ಮಾಡುತ್ತದೆ. ಐಪಿ ತುದಿಯಿಂದ ತುದಿಗೆ ಸಾಗಿಸುವ ಇಡೀ ಘಟಕ ಡೇಟಾಗ್ರಾಂ. ಅದನ್ನು ಲಿಂಕ್ ಪದರಕ್ಕೆ ಕೊಡುವಾಗ ಇರುವುದು ಪ್ಯಾಕೆಟ್, ಅದು ಇಡೀ ಡೇಟಾಗ್ರಾಂ ಆಗಿರಬಹುದು, ಒಡೆದ ಚೂರೂ ಆಗಿರಬಹುದು. ಎರಡನೆಯ ವರ್ಷದ ಮಕ್ಕಳಿಗೆ ಇದನ್ನು ಹೇಳಿ ನೋಡಿದೆ, ತರಗತಿ ಮಂಕಾಯಿತು. ಈಗ ಖಾನೆಯಲ್ಲಿ "ಪ್ಯಾಕೆಟ್ ಅಥವಾ ಐಪಿ ಡೇಟಾಗ್ರಾಂ" ಎಂದಷ್ಟೇ ಇಟ್ಟು, ಕೇಳಿದವರಿಗೆ ಮಾತ್ರ ಉಳಿದದ್ದನ್ನು ಹೇಳುತ್ತೇನೆ.

ಚಿತ್ರ ಬರೆಯುವಾಗ ಒಂದು ಮೆಸೇಜಿನಿಂದ ಒಂದು ಸೆಗ್ಮೆಂಟಿಗೆ ಒಂದೇ ಬಾಣ ಎಳೆಯುತ್ತಿದ್ದೆ. ಅದರಿಂದ ಮಕ್ಕಳು ಒಂದಕ್ಕೊಂದು ಜೋಡಿ ಎಂದು ನಂಬಿದರು. ವೆಬ್ ಸರ್ವರಿನ ಉತ್ತರ ಹೆಡರ್ ಎಲ್ಲ ಸೇರಿ 4000 ಬೈಟ್ ಇದೆ ಎಂದುಕೊಳ್ಳಿ. ಎತರ್‌ನೆಟ್ ಫ್ರೇಮಿನೊಳಗೆ ಹಿಡಿಸುವುದು 1500 ಬೈಟ್. ಅದರಲ್ಲಿ ಐಪಿಗೆ 20, ಟಿಸಿಪಿಗೆ 20 ಕಳೆದರೆ ಡೇಟಾಕ್ಕೆ ಉಳಿಯುವುದು 1460. ಆದ್ದರಿಂದ ಆ ಒಂದು ಮೆಸೇಜು 1460, 1460, 1080 ಎಂದು ಮೂರು ಸೆಗ್ಮೆಂಟುಗಳಾಗಿ ಹೊರಡುತ್ತದೆ. ಟಿಸಿಪಿಗೆ ಮೆಸೇಜು ಎಲ್ಲಿ ಮುಗಿಯಿತು ಎಂಬ ಗೊಡವೆಯೇ ಇಲ್ಲ, ಅದಕ್ಕೆ ಕಾಣುವುದು ಬೈಟ್‌ಗಳ ಒಂದು ಹರಿವು. ಎಲ್ಲಿ ಮುಗಿಯಿತೆಂದು ತಿಳಿಯಲು ಎಚ್‌ಟಿಟಿಪಿ ತನ್ನ ಹೆಡರಿನಲ್ಲಿ `Content-Length` ಎಂದು ಉದ್ದ ಬರೆದುಕೊಳ್ಳಬೇಕಾಗಿದೆ. ಯುಡಿಪಿ ಹಾಗಲ್ಲ, ಕೊಟ್ಟ ಮೆಸೇಜು ಒಂದು ಡೇಟಾಗ್ರಾಂ ಆಗಿಯೇ ಹೋಗುತ್ತದೆ, ತಲುಪಿದರೆ ಹಾಗೇ ತಲುಪುತ್ತದೆ.

5. ಒಂದು ಪ್ರಶ್ನೆಯನ್ನು ಕಳಿಸಿ, ಬೈಟ್ ಬೈಟ್ ಎಣಿಸಿ

ಕೋಷ್ಟಕ ಸರಿಯಿದೆಯೇ ಎಂದು ನೋಡಲು ನನಗೆ ಸಿಕ್ಕ ಒಳ್ಳೆಯ ದಾರಿ ಡಿಎನ್‌ಎಸ್‌ನ ಒಂದು ಪುಟ್ಟ ಪ್ರಶ್ನೆ. ವೈರ್‌ಶಾರ್ಕ್ ತೆರೆದು `dns` ಎಂಬ ಫಿಲ್ಟರ್ ಹಾಕಿ, ಟರ್ಮಿನಲ್‌ನಲ್ಲಿ ಇದನ್ನು ಟೈಪ್ ಮಾಡಿ:

```
nslookup example.com. 8.8.8.8
```

ಹೆಸರಿನ ಕೊನೆಯ ಚುಕ್ಕಿ ಬೇಕು. ಅದಿಲ್ಲದಿದ್ದರೆ ಕೆಲವು ಕಂಪ್ಯೂಟರುಗಳು ಕಾಲೇಜಿನ ಡೊಮೇನ್ ಹೆಸರನ್ನು ಬಾಲಕ್ಕೆ ಅಂಟಿಸಿ ಕೇಳುತ್ತವೆ, ಎಣಿಕೆ ತಪ್ಪುತ್ತದೆ. ವಿಂಡೋಸ್ ಮೊದಲು ಸರ್ವರಿನ ಹೆಸರನ್ನು ಬೇರೆಯಾಗಿ ವಿಚಾರಿಸುತ್ತದೆ, ಆ ಸಾಲನ್ನು ಬಿಟ್ಟು `A example.com` ಎಂದಿರುವ ಸಾಲನ್ನು ಹಿಡಿಯಿರಿ. `dig` ಬಳಸಿದರೆ ಅದು ತನ್ನ ಕಡೆಯಿಂದ ಹೆಚ್ಚುವರಿ ಆಯ್ಕೆಗಳನ್ನು ಸೇರಿಸುವುದರಿಂದ ಉದ್ದ ಬೆಳೆದಿರುತ್ತದೆ. ಕೆಳಗಿನ ಕಿಟಕಿಯಲ್ಲಿ ಹೆಚ್ಚುಕಡಿಮೆ ಹೀಗೆ ಕಾಣುತ್ತದೆ:

```
Frame: 71 bytes on wire (568 bits)
Ethernet II
Internet Protocol Version 4, Dst: 8.8.8.8
User Datagram Protocol, Dst Port: 53
Domain Name System (query)
```

ಕೋಷ್ಟಕ ತಲೆಕೆಳಗಾಗಿ ನಿಂತಿದೆ ನೋಡಿ, ಹೊರಗಿನ ಹೊದಿಕೆ ಮೇಲೆ, ಒಳಗಿನದು ಕೆಳಗೆ. ಮೊದಲ ಸಲ ಇದನ್ನು ಹೇಳದೆ ಬಿಟ್ಟು ಅರ್ಧ ತರಗತಿಯನ್ನು ಕಳೆದುಕೊಂಡಿದ್ದೆ.

ಈಗ ಒಳಗಿನಿಂದ ಎಣಿಸೋಣ. ಡಿಎನ್‌ಎಸ್ ಹೆಡರ್ 12 ಬೈಟ್. `example.com` ಎಂಬ ಹೆಸರಿನಲ್ಲಿ ಪ್ರತಿ ತುಂಡಿನ ಮುಂದೆ ಅದರ ಉದ್ದ ಹೇಳುವ ಒಂದು ಬೈಟ್ ಇರುತ್ತದೆ, ಕೊನೆಯಲ್ಲಿ ಒಂದು ಸೊನ್ನೆ. 1 + 7 + 1 + 3 + 1, ಒಟ್ಟು 13. ಪ್ರಶ್ನೆಯ ಬಗೆಗೆ 2, ವರ್ಗಕ್ಕೆ 2. ಅಲ್ಲಿಗೆ ಅಪ್ಲಿಕೇಶನ್ ಪದರದ ಮೆಸೇಜ್ 29 ಬೈಟ್. ಯುಡಿಪಿಯ 8 ಸೇರಿದರೆ 37. ಐಪಿಯ 20 ಸೇರಿದರೆ 57. ಎತರ್‌ನೆಟ್ ಹೆಡರಿನ 14 ಸೇರಿದರೆ 71, ಬಾಲದ 4 ಸೇರಿದರೆ 75.

ಪರದೆಯಲ್ಲಿ 71 ಇದೆ. ನನ್ನ ಕೋಷ್ಟಕದ ಪ್ರಕಾರ 75 ಇರಬೇಕು. ಇದನ್ನು ಹಿಡಿದದ್ದು ನಾನಲ್ಲ, ಹಿಂದಿನ ಬೆಂಚಿನ ಹುಡುಗ. ನಾನು "ಎಲ್ಲೋ ಕೂಡುವುದು ತಪ್ಪಿದೆ" ಎಂದು ಅವನನ್ನು ಮತ್ತೆ ಮತ್ತೆ ಕೂಡಿಸಿದೆ. ತಪ್ಪಿದ್ದದ್ದು ಕೂಡುವುದಲ್ಲ. ಬಾಲದ ಸಿಆರ್‌ಸಿಯನ್ನು ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡೇ ಸೇರಿಸಿ, ಬಂದ ಫ್ರೇಮಿನದನ್ನು ತಾನೇ ಪರೀಕ್ಷಿಸಿ ಕಿತ್ತಿಡುತ್ತದೆ. ವೈರ್‌ಶಾರ್ಕ್ ಇರುವುದು ಅದರ ಮೇಲೆ, ಹಾಗಾಗಿ ಆ 4 ಬೈಟ್ ಅದಕ್ಕೆ ಸಿಗುವುದೇ ಇಲ್ಲ. ಪರದೆಯಲ್ಲಿ "on wire" ಎಂದಿದ್ದರೂ ಅದು ತಂತಿಯ ಮೇಲಿನ ನಿಜವಾದ ಉದ್ದವಲ್ಲ. ವೈಫೈಯಲ್ಲಿ ಹಿಡಿದರೂ ಸಾಮಾನ್ಯವಾಗಿ `Ethernet II` ಎಂದೇ ಕಾಣುತ್ತದೆ, ಡ್ರೈವರ್ ಹಾಗೆ ವೇಷ ಹಾಕಿಸಿ ಕೊಡುತ್ತದೆ.

ಇದೇ ಕಿಟಕಿಯಲ್ಲಿ ನನ್ನ ಎರಡನೆಯ ಪಾಠಕ್ಕೂ ಸಾಕ್ಷಿ ಸಿಗುತ್ತದೆ. ಐಪಿಯ ಸಾಲಿನಲ್ಲಿ ಗುರಿ `8.8.8.8`. ಆದರೆ ಎತರ್‌ನೆಟ್ ಸಾಲನ್ನು ಬಿಚ್ಚಿದರೆ ಗುರಿಯ ಮ್ಯಾಕ್ ವಿಳಾಸ ಆ ಸರ್ವರಿನದಲ್ಲ, ಮೂಲೆಯಲ್ಲಿ ದೂಳು ಹಿಡಿದು ಕೂತಿರುವ ನಮ್ಮ ರೂಟರಿನದು. ಮಕ್ಕಳನ್ನು ಎಬ್ಬಿಸಿ ರೂಟರಿನ ಹಿಂಬದಿಯ ಚೀಟಿಯಲ್ಲಿರುವ ವಿಳಾಸದೊಂದಿಗೆ ಹೋಲಿಸಲು ಹೇಳುತ್ತೇನೆ. ಕೆಲವು ರೂಟರುಗಳಲ್ಲಿ ಕೊನೆಯ ಅಂಕಿ ಒಂದೆರಡು ಹೆಚ್ಚುಕಡಿಮೆ ಇರುತ್ತದೆ, ಅದರ ಪ್ರತಿ ಕಿಂಡಿಗೂ ಬೇರೆ ವಿಳಾಸ ಇರುವುದೇ ಕಾರಣ. ಪ್ರತಿ ಹೆಡರೂ ತನ್ನೊಳಗೆ ಇರುವುದು ಏನೆಂದು ಹೇಳುವುದನ್ನೂ ಇಲ್ಲೇ ತೋರಿಸಬಹುದು: ಎತರ್‌ನೆಟ್‌ನಲ್ಲಿ 0x0800 ಎಂದರೆ ಒಳಗೆ ಐಪಿವಿ4, ಐಪಿಯಲ್ಲಿ 17 ಎಂದರೆ ಯುಡಿಪಿ, ಯುಡಿಪಿಯ ಗುರಿಯ ಪೋರ್ಟ್ 53 ಎಂದರೆ ಡಿಎನ್‌ಎಸ್.

6. ಖಾಲಿ ಇರುವ ಸಾಲನ್ನು ತುಂಬಲು ಹೋಗಬೇಡಿ

ಏಳು ಸಾಲಿನ ಕೋಷ್ಟಕ ಮಾಡುತ್ತಿದ್ದ ಕಾಲದಲ್ಲಿ ಸೆಷನ್ ಮತ್ತು ಪ್ರೆಸೆಂಟೇಶನ್ ಸಾಲುಗಳು ಬೋಳಾಗಿ ಕಾಣುತ್ತಿದ್ದವು. ಸಿಕ್ಕಿದ್ದನ್ನೆಲ್ಲ ತುಂಬಿದೆ: ಜೆಪೆಗ್, ಆಸ್ಕಿ, ಎಸ್‌ಎಸ್‌ಎಲ್, ಆರ್‌ಪಿಸಿ. ಜೆಪೆಗ್ ಪ್ರೊಟೊಕಾಲೇ ಅಲ್ಲ, ಚಿತ್ರದ ನಮೂನೆ. ಟಿಎಲ್‌ಎಸ್ ಗೂಢಲಿಪೀಕರಣ ಮಾಡುತ್ತದೆ ಎಂದು ಪ್ರೆಸೆಂಟೇಶನ್‌ಗೆ ಹಾಕಿದರೆ, ಅದು ಮಾತುಕತೆಯ ಅಧಿವೇಶನವನ್ನೂ ಕಟ್ಟಿ ಮುಂದುವರಿಸುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. ಟ್ಯಾನೆನ್‌ಬಾಮ್ ತಮ್ಮ ಪುಸ್ತಕದಲ್ಲಿ ಈ ಎರಡು ಪದರಗಳು ಬಹುತೇಕ ಖಾಲಿ, ಡೇಟಾ ಲಿಂಕ್ ಮತ್ತು ನೆಟ್‌ವರ್ಕ್ ಪದರಗಳು ತುಂಬಿ ತುಳುಕುತ್ತವೆ ಎಂದು ಟೀಕಿಸಿದ್ದಾರೆ. ಆ ಮಾತನ್ನು ಓದಿಯೂ ತುಂಬಲು ಹೊರಟಿದ್ದೆ. ಪರೀಕ್ಷೆಗೆ ಏಳು ಸಾಲು ಬೇಕಾದವರಿಗೆ ಆ ಎರಡರ ಕೆಲಸವನ್ನಷ್ಟೇ ಹೇಳಿಕೊಡುತ್ತೇನೆ: ಸೆಷನ್ ಸಂವಾದವನ್ನು ಕಟ್ಟಿ, ತಡೆದಲ್ಲಿಂದ ಮುಂದುವರಿಸಲು ಗುರುತು ಹಾಕುತ್ತದೆ. ಪ್ರೆಸೆಂಟೇಶನ್ ಡೇಟಾದ ರೂಪವನ್ನು ಎರಡೂ ಕಡೆಗೆ ಅರ್ಥವಾಗುವಂತೆ ಮಾಡುತ್ತದೆ. ಇಂಟರ್‌ನೆಟ್ಟಿನಲ್ಲಿ ಈ ಕೆಲಸಗಳನ್ನು ಅಪ್ಲಿಕೇಶನ್ನೇ ಮಾಡಿಕೊಳ್ಳುತ್ತದೆ ಎಂಬ ಟಿಪ್ಪಣಿ ಅದರ ಕೆಳಗೆ.

7. ಕೋಷ್ಟಕದ ಕೆಳಗೆ ಜಾಗ ಬಿಡಿ

ಈಗಿನ ರೂಪ ಇದು.

| ಪದರ (ಓಎಸ್‌ಐ ಅಂಕಿ) | ಕೆಲಸ: ಯಾರಿಂದ ಯಾರಿಗೆ | ವಿಳಾಸ | ಪ್ರೊಟೊಕಾಲ್, ಹೊರುವುದು ಯಾವುದು | ಡೇಟಾ ಘಟಕ |
|---|---|---|---|---|
| ಅಪ್ಲಿಕೇಶನ್ (5–7) | ಒಂದು ಪ್ರೋಗ್ರಾಂನ ಕೋರಿಕೆಯನ್ನು ಇನ್ನೊಂದು ಪ್ರೋಗ್ರಾಂ ಅರ್ಥಮಾಡಿಕೊಂಡು ಉತ್ತರಿಸುವುದು | ಡೊಮೇನ್ ಹೆಸರು | ಎಚ್‌ಟಿಟಿಪಿ (ಟಿಸಿಪಿ 80), ಡಿಎನ್‌ಎಸ್ (ಯುಡಿಪಿ 53, ಉತ್ತರ ದೊಡ್ಡದಾದರೆ ಟಿಸಿಪಿ), ಎಸ್‌ಎಂಟಿಪಿ (ಟಿಸಿಪಿ 25), ಡಿಎಚ್‌ಸಿಪಿ (ಯುಡಿಪಿ 67, 68) | ಮೆಸೇಜ್ |
| ಟ್ರಾನ್ಸ್‌ಪೋರ್ಟ್ (4) | ಪ್ರೊಸೆಸ್‌ನಿಂದ ಪ್ರೊಸೆಸ್‌ಗೆ ತಲುಪಿಸುವುದು; ಟಿಸಿಪಿಯಾದರೆ ಕ್ರಮವಾಗಿ, ಬಿಟ್ಟುಹೋಗದಂತೆ | ಪೋರ್ಟ್, 16 ಬಿಟ್ | ಟಿಸಿಪಿ (ಐಪಿ, ಸಂಖ್ಯೆ 6), ಯುಡಿಪಿ (ಐಪಿ, ಸಂಖ್ಯೆ 17) | ಟಿಸಿಪಿ: ಸೆಗ್ಮೆಂಟ್ = 20 + ಡೇಟಾ; ಯುಡಿಪಿ: ಡೇಟಾಗ್ರಾಂ = 8 + ಡೇಟಾ |
| ನೆಟ್‌ವರ್ಕ್ (3) | ಹಲವು ಕೊಂಡಿ ದಾಟಿಸಿ ಯಂತ್ರದಿಂದ ಯಂತ್ರಕ್ಕೆ ತಲುಪಿಸುವುದು | ಐಪಿ, 32 ಅಥವಾ 128 ಬಿಟ್ | ಐಪಿವಿ4 (ಎತರ್‌ನೆಟ್, 0x0800), ಐಸಿಎಂಪಿ (ಐಪಿ, 1), ಓಎಸ್‌ಪಿಎಫ್ (ಐಪಿ, 89), ಬಿಜಿಪಿ (ಟಿಸಿಪಿ 179) | ಪ್ಯಾಕೆಟ್ ಅಥವಾ ಐಪಿ ಡೇಟಾಗ್ರಾಂ = 20 + ಮೇಲಿನದು |
| ಡೇಟಾ ಲಿಂಕ್ (2) | ಒಂದೇ ಕೊಂಡಿಯಲ್ಲಿ ಪಕ್ಕದ ಸಾಧನಕ್ಕೆ ತಲುಪಿಸುವುದು, ಕೆಟ್ಟದ್ದನ್ನು ಹಿಡಿಯುವುದು | ಮ್ಯಾಕ್, 48 ಬಿಟ್ | ಎತರ್‌ನೆಟ್, ವೈಫೈ, ಎಆರ್‌ಪಿ (ಎತರ್‌ನೆಟ್, 0x0806) | ಎತರ್‌ನೆಟ್ ಫ್ರೇಮ್ = 14 + ಪ್ಯಾಕೆಟ್ + 4 |
| ಫಿಸಿಕಲ್ (1) | ಬಿಟ್‌ಗಳನ್ನು ತಂತಿ, ಬೆಳಕು, ಅಲೆಗಳ ಸಂಕೇತವಾಗಿಸುವುದು | ಇಲ್ಲ | ಕೇಬಲ್, ಫೈಬರ್, ರೇಡಿಯೊ ಮಾನಕಗಳು | ಬಿಟ್ |

ಕೆಳಗಿನ ಖಾಲಿ ಜಾಗದಲ್ಲಿ ಒಗ್ಗದವರ ಹೆಸರು ಬರೆಯುತ್ತೇವೆ. ಮನೆಯ ರೂಟರ್ ಮಾಡುವ ನ್ಯಾಟ್ ಅಲ್ಲಿದೆ, ಏಕೆಂದರೆ ಅದು ನೆಟ್‌ವರ್ಕ್ ಪದರದ ಸಾಧನವಾಗಿದ್ದೂ ಟ್ರಾನ್ಸ್‌ಪೋರ್ಟಿನ ಪೋರ್ಟ್ ಸಂಖ್ಯೆಯನ್ನು ತಿದ್ದುತ್ತದೆ. ಟಿಎಲ್‌ಎಸ್ ಅಲ್ಲಿದೆ, "ಟಿಸಿಪಿಯ ಮೇಲೆ, ಎಚ್‌ಟಿಟಿಪಿಯ ಕೆಳಗೆ" ಎಂಬ ಒಂದೇ ಸಾಲಿನೊಂದಿಗೆ.

ಈಚೆಗೆ ಅಲ್ಲಿ ಸೇರಿದ್ದು ಕ್ವಿಕ್. 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಬಂದ ಇದರ ಮೇಲೆ ಎಚ್‌ಟಿಟಿಪಿಯ ಮೂರನೆಯ ಆವೃತ್ತಿ ಓಡುತ್ತದೆ. ಕಳೆದುಹೋದದ್ದನ್ನು ಮತ್ತೆ ಕಳಿಸುವುದು, ಹರಿವನ್ನು ಹಿಡಿತದಲ್ಲಿಡುವುದು, ಹೀಗೆ ಅದರ ಕೆಲಸವೆಲ್ಲ ಟ್ರಾನ್ಸ್‌ಪೋರ್ಟ್ ಪದರದ್ದು. ಅದನ್ನು ಹೊರುವುದು ಮಾತ್ರ ಇನ್ನೊಂದು ಟ್ರಾನ್ಸ್‌ಪೋರ್ಟ್ ಪ್ರೊಟೊಕಾಲ್ ಆದ ಯುಡಿಪಿ. ಟಿಎಲ್‌ಎಸ್ 1.3ರ ಕೈಕುಲುಕಾಟ ಅದರ ಹೊಟ್ಟೆಯೊಳಗೇ ನಡೆಯುತ್ತದೆ. "ಹೊರುವುದು ಯಾವುದು" ಎಂಬ ಖಾನೆ ಇದ್ದುದರಿಂದ ಇಷ್ಟನ್ನೂ ಹೇಗೋ ಬರೆದುಕೊಂಡೆವು. ಡೇಟಾ ಘಟಕದ ಖಾನೆಗೆ ಬಂದಾಗ ಸಿಕ್ಕಿಬಿದ್ದೆವು. ಕ್ವಿಕ್‌ನ ಘಟಕದ ಹೆಸರು ಪ್ಯಾಕೆಟ್, ಆ ಪ್ಯಾಕೆಟ್ಟಿನ ಒಳಗೆ ಇರುವ ತುಂಡುಗಳ ಹೆಸರು ಫ್ರೇಮ್. ಫ್ರೇಮಿನೊಳಗೆ ಪ್ಯಾಕೆಟ್ ಎಂದು ಇಷ್ಟು ವರ್ಷ ಹೇಳಿಸಿದವಳು ನಾನು. ಸದ್ಯಕ್ಕೆ ಆ ಖಾನೆಯಲ್ಲಿ "ಯುಡಿಪಿ ಡೇಟಾಗ್ರಾಂ ಒಳಗೆ ಕ್ವಿಕ್ ಪ್ಯಾಕೆಟ್, ಅದರೊಳಗೆ ಕ್ವಿಕ್ ಫ್ರೇಮ್, ಎತರ್‌ನೆಟ್ ಫ್ರೇಮ್ ಬೇರೆ" ಎಂದು ಬರೆದಿದ್ದೇವೆ, ಸಾಲು ಅಂಚನ್ನು ದಾಟಿ ಪುಟದ ಹೊರಗೆ ಹೋಗಿದೆ.